ಫಲಿತಾಂಶದ ಹಿಂದಿನ ರಾತ್ರಿಯ ದಿನಚರಿ

ದ್ವಿತೀಯ ಪಿಯುಸಿ ಫಲಿತಾಂಶ ನಾಳೆ. ವಿಜ್ಞಾನ ಓದಿದ ಹುಡುಗಿಯೊಬ್ಬಳು ರಾತ್ರಿ ನಿದ್ದೆ ಬಾರದೆ ದಿನಚರಿ ತೆರೆದಿದ್ದಾಳೆ ಎಂದುಕೊಳ್ಳೋಣ. ಮೊದಲ ಸಾಲು: “ಫೇಲ್ ಆಗಿಬಿಟ್ರೆ ಅಪ್ಪನಿಗೆ ಹೇಗೆ ಮುಖ ತೋರಿಸ್ಲಿ?” ಅರ್ಧ ಪುಟದವರೆಗೂ ಇದೇ ಮಾತು. ಬರೆದಷ್ಟೂ ಎದೆಬಡಿತ ಹೆಚ್ಚುತ್ತದೆ.

ಬರವಣಿಗೆ ದಾರಿ ತಪ್ಪಿದ್ದು ಇಲ್ಲೇ ಗೊತ್ತಾಗುತ್ತದೆ. ಒಂದೇ ಪ್ರಶ್ನೆ ಮೂರು ಸಲ ಬಂತೆಂದರೆ ಅದಕ್ಕೆ ಉತ್ತರ ಬರೆಯಬೇಕು. ಭಯ ಯಾವುದರದ್ದು? ಅವಳು ಬರೆಯುತ್ತಾಳೆ: “ಫಿಸಿಕ್ಸ್‌ನಲ್ಲಿ ಐದು ಅಂಕದ ಎರಡು ಲೆಕ್ಕ ಬಿಟ್ಟೆ. ಉಳಿದ ಸಬ್ಜೆಕ್ಟ್ ಪರವಾಗಿಲ್ಲ.” ಇಡೀ ಬದುಕಿನ ಮೇಲೆ ಕವಿದಿದ್ದ ಭಯ ಈಗ ಒಂದು ವಿಷಯದ ಹತ್ತು ಅಂಕಕ್ಕೆ ಬಂದು ನಿಂತಿತು.

ಮುಂದಿನ ಸಾಲುಗಳು ನಾಳೆಯವು. “ಹಾಲ್ ಟಿಕೆಟ್ ಮೇಜಿನ ಮೇಲಿಡಬೇಕು. karresults.nic.in ತೆರೆಯದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಅಂಕ ತೀರಾ ಕಡಿಮೆ ಅನ್ನಿಸಿದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ, ಆಮೇಲೆ ಮರುಮೌಲ್ಯಮಾಪನ. ಫೇಲಾದರೆ ಪರೀಕ್ಷೆ-2 ಕಟ್ಟಬೇಕು. ಅಮ್ಮನಿಗೆ ಈ ರಾತ್ರಿಯೇ ಲೆಕ್ಕ ಬಿಟ್ಟದ್ದು ಹೇಳಬೇಕು.” ನನ್ನ ದೃಷ್ಟಿಯಲ್ಲಿ ಇಡೀ ಪುಟದಲ್ಲಿ ಅತಿ ಮುಖ್ಯವಾದದ್ದು ಈ ಕೊನೆಯ ಸಾಲು. ಮಕ್ಕಳನ್ನು ಹೆಚ್ಚು ಹಿಂಡುವುದು ಅಂಕವಲ್ಲ, ಮನೆಯವರಿಗೆ ಅದು ಹಠಾತ್ತನೆ ತಿಳಿಯುವ ಆ ಗಳಿಗೆ.

ಇಂಥ ಪಟ್ಟಿಗೆ ಸಂಶೋಧನೆಯ ಆಧಾರವೂ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲ್ಲಿನ್ ತಂಡ 57 ಯುವಜನರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿತು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿಯಲ್ಲಿ ವಿವರ ಹೆಚ್ಚಿದ್ದಷ್ಟೂ ನಿದ್ದೆ ಬೇಗ ಬಂತು. ಅವರು ಆರೋಗ್ಯವಂತರು, ಫಲಿತಾಂಶಕ್ಕೆ ಕಾದು ಕುಳಿತವರಲ್ಲ. ಹಾಗಾಗಿ ಅಷ್ಟೇ ಲಾಭ ಇವಳಿಗೂ ಆಗುತ್ತದೆ ಎನ್ನಲಾಗದು.

ಬರೆದ ಮೇಲೂ ಒಂದಿಷ್ಟು ಆತಂಕ ಉಳಿಯುತ್ತದೆ, ಉಳಿಯಲಿ. ಕ್ಯಾಲಿಫೋರ್ನಿಯಾದಲ್ಲಿ ವಕೀಲಿಕೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದವರನ್ನು ಕೇಟ್ ಸ್ವೀನಿ ಅಧ್ಯಯನ ಮಾಡಿದರು. ಆತಂಕ ತಗ್ಗಿಸಲು ಜನ ಹೂಡುವ ಉಪಾಯಗಳು ಅಷ್ಟಾಗಿ ಫಲಿಸಲಿಲ್ಲ. ಆದರೆ ಕಾಯುವಾಗ ಹೆಚ್ಚು ಕಳವಳಪಟ್ಟವರೇ ಕೆಟ್ಟ ಸುದ್ದಿಯನ್ನು ಹೆಚ್ಚು ಚೆನ್ನಾಗಿ ಎದುರಿಸಿದರು.

ದಿನಚರಿಯ ಶಕ್ತಿ ಇಷ್ಟಕ್ಕೇ ನಿಲ್ಲುವ ಸಂದರ್ಭವೊಂದಿದೆ. ಪುಟದಲ್ಲಿ “ನಾನು ಇರಲೇಬಾರದು” ಎಂಬಂಥ ಮಾತು ಬಂತೋ, ಆಗ ಬರೆಯುತ್ತಾ ಕೂರಬಾರದು. ಮನೆಯಲ್ಲಿ ಯಾರನ್ನಾದರೂ ಎಬ್ಬಿಸಿ ಹೇಳಬೇಕು, ಇಲ್ಲವೇ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಬೇಕು. ಕರೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಂಥ ಮಾತು ಕಿವಿಗೆ ಬಿದ್ದ ತಂದೆತಾಯಿ ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬಾರದು, ಮಾರನೆಯ ದಿನ ಫಲಿತಾಂಶ ನೋಡುವಾಗಲೂ ಪಕ್ಕದಲ್ಲೇ ಇರಬೇಕು.