ಕಾಫಿ ಪುಡಿಯ ಸಂರಕ್ಷಣೆ: ಫ್ರೀಜರ್ ನಿಜವಾಗಿ ನೆರವಾಗುವುದೇ?

ರಜೆ ಮುಗಿಸಿ ಊರಿನಿಂದ ಮುಂಬಯಿಗೆ ಮರಳುವ ಕನ್ನಡ ಕುಟುಂಬಗಳ ಗಂಟುಮೂಟೆಗಳಲ್ಲಿ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿಗಳೊಡನೆ ಕಾಫಿ ಪುಡಿಯ ಪೊಟ್ಟಣವೂ ಇರುವುದು ವಾಡಿಕೆ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಕಣ್ಣೆದುರಿಗೇ ಹುರಿಸಿ ಬೀಸಿಸಿದ ಪುಡಿ ಅದು. ಮೊದಲ ವಾರ ಅಡಿಗೆಮನೆಯಷ್ಟೇ ಅಲ್ಲ, ಹೊರಗಿನ ಜಗಲಿಯೂ ಘಮಘಮಿಸುತ್ತದೆ. ಮೂರನೆಯ ವಾರಕ್ಕೆ ಡಿಕಾಕ್ಷನ್ನಿನಲ್ಲಿ ಬಣ್ಣ ಉಳಿದಿರುತ್ತದೆ, ಪರಿಮಳ ಉಳಿದಿರುವುದಿಲ್ಲ. ಅಂಗಡಿಯವನು ಹಳೆಯ ಮಾಲು ಕೊಟ್ಟನೆಂಬ ದೂರು ಆಗ ಹೊರಡುತ್ತದೆ. ಬಹುಮಟ್ಟಿಗೆ ತಪ್ಪು ಅಂಗಡಿಯವನದಲ್ಲ, ಮನೆಯ ಡಬ್ಬಿಯದು.

ಇದರಲ್ಲಿ ಆರೋಗ್ಯದ ಮಾತೂ ಅಡಗಿದೆ. ಹಳಸಿದ ಪುಡಿ ವಿಷವಾಗುವುದಿಲ್ಲ. ಆದರೆ ಹಾರಿಹೋಗುವುದು ಪರಿಮಳವೇ ಹೊರತು ಕೆಫೀನ್ ಅಲ್ಲ. ರುಚಿ ಸಾಲದೆಂದು ಗೃಹಿಣಿಯು ಫಿಲ್ಟರಿಗೆ ಮತ್ತೊಂದು ಚಮಚ ಪುಡಿ ಸೇರಿಸಿದಾಗ ಕುಡಿಯುವವರ ಹೊಟ್ಟೆಗೆ ಹೆಚ್ಚಾಗಿ ಸೇರುವುದು ಕೆಫೀನ್ ಮಾತ್ರ. ಸ್ವಾದವಂತೂ ಮರಳುವುದಿಲ್ಲ. ಕಾಫಿ ಸಪ್ಪೆಯಾಗಿದೆ, ನಿದ್ರೆಯೂ ಬರುತ್ತಿಲ್ಲ ಎಂಬ ಎರಡು ದೂರುಗಳಿಗೆ ಹೀಗೆ ಒಂದೇ ಮೂಲವಿರುವುದುಂಟು.

ಕಾಫಿ ಹಳಸುವುದೆಂದರೇನು? ಬೀಜವನ್ನು ಹುರಿಯುವಾಗ ಅದರೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟುತ್ತದೆ, ನೂರಾರು ಬಗೆಯ ಪರಿಮಳದ್ರವ್ಯಗಳೂ ಹುಟ್ಟುತ್ತವೆ. ಇಡಿಯ ಬೀಜದಲ್ಲಿ ಇವು ಬಿಗಿಯಾಗಿ ಸೆರೆಯಾಗಿದ್ದು, ದಿನಗಳು ವಾರಗಳು ಕಳೆದಂತೆ ಮೆಲ್ಲಮೆಲ್ಲನೆ ಹೊರಬೀಳುತ್ತವೆ. ಬೀಸಿದೊಡನೆ ಬೀಜದ ಕೋಶಗಳು ಒಡೆಯುತ್ತವೆ. ಅನಿಲದ ಬಹುಭಾಗ ಕೆಲವೇ ಗಂಟೆಗಳಲ್ಲಿ ಹಾರಿ, ಹೊರಗಿನ ಗಾಳಿಯ ಆಮ್ಲಜನಕವು ಒಳಹೊಕ್ಕು ಪರಿಮಳವನ್ನು ಕೆಡಿಸತೊಡಗುತ್ತದೆ. ಬೀಜದಲ್ಲಿರುವ ಎಣ್ಣೆಯಂಶವೂ ಕ್ರಮೇಣ ಕಮಟುತ್ತದೆ. ಆದುದರಿಂದಲೇ ಒಳ್ಳೆಯ ಡಬ್ಬಿಯಲ್ಲಿಟ್ಟ ಬೀಜ ಮೂರು ನಾಲ್ಕು ವಾರ ತನ್ನ ಗುಣವನ್ನು ಉಳಿಸಿಕೊಂಡರೆ, ಅದೇ ಡಬ್ಬಿಯಲ್ಲಿಟ್ಟ ಪುಡಿ ಒಂದೆರಡು ವಾರಕ್ಕೇ ಸೋಲುತ್ತದೆ. ಮನೆಯಲ್ಲಿ ಬೀಸುವ ಯಂತ್ರವಿರುವವರು ಬೀಜವನ್ನೇ ತರುವುದು ಮೇಲು.

ತೇವದ ಕಾಟ ಬೇರೆ. ಹುರಿದ ಕಾಫಿಯಲ್ಲಿ ನೀರಿನಂಶ ತೀರಾ ಕಡಿಮೆ. ಮುಂಬಯಿಯ ಆಷಾಢ ಶ್ರಾವಣಗಳ ಗಾಳಿಯಲ್ಲಾದರೋ ನೀರೇ ತುಂಬಿರುತ್ತದೆ. ಚಿಕೋರಿ ಬೆರೆತ ಪುಡಿಯಾದರೆ ಕಷ್ಟ ಇಮ್ಮಡಿ, ಏಕೆಂದರೆ ಹುರಿದ ಚಿಕೋರಿ ಬೇರು ತೇವವನ್ನು ಬಹು ಬೇಗ ಹೀರುತ್ತದೆ. ನಮ್ಮ ದೇಶದ ನಿಯಮದಂತೆ ಮಿಶ್ರಣದಲ್ಲಿ ಚಿಕೋರಿ 49 ಭಾಗದವರೆಗೂ ಇರಬಹುದು. ಮಳೆಗಾಲದಲ್ಲಿ ಡಬ್ಬಿಯ ಪುಡಿ ಗಂಟುಕಟ್ಟುವುದಕ್ಕೂ, ಫಿಲ್ಟರಿನಲ್ಲಿ ನೀರು ಇಳಿಯದೆ ನಿಂತುಬಿಡುವುದಕ್ಕೂ ಕಾರಣ ಅನೇಕ ವೇಳೆ ಇದೇ. ಗಂಟಾದ ಪುಡಿಗೆ ಬೂಷ್ಟಿನ ವಾಸನೆ ತಗುಲಿದ್ದರೆ ಅದನ್ನು ಎಸೆಯುವುದೇ ಸರಿ, ಬಿಸಿಲಿಗಿಟ್ಟು ಬಳಸಬಾರದು.

ಹಾಗಾದರೆ ಗಾಳಿಯಾಡದ ಡಬ್ಬಿ ಸಾಕಲ್ಲವೇ? ಮೊದಲಿಗೆ, ಡಬ್ಬಿ ನಿಜವಾಗಿಯೂ ಗಾಳಿಯಾಡದ್ದೇ ಎಂದು ನೋಡಬೇಕು. ಬರಿದಾದ ಡಬ್ಬಿಯ ಮುಚ್ಚಳ ಹಾಕಿ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಹಿಡಿದರೆ, ಸಂದಿಯಿದ್ದಲ್ಲಿ ಗುಳ್ಳೆಗಳು ಏಳುತ್ತವೆ. ರಬ್ಬರಿನ ಬಳೆಯಿಲ್ಲದ ಸಾಮಾನ್ಯ ಸ್ಟೀಲ್ ಡಬ್ಬಿಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಗೆದ್ದ ಡಬ್ಬಿಯಲ್ಲಿಯೂ ಇನ್ನೊಂದು ತೊಡಕಿದೆ. ಅರ್ಧ ಕಿಲೋ ಹಿಡಿಸುವ ಡಬ್ಬಿಯಲ್ಲಿ ನೂರು ಗ್ರಾಂ ಪುಡಿ ಉಳಿದಾಗ ಮಿಕ್ಕ ನಾಲ್ಕು ಪಾಲೂ ಗಾಳಿಯೇ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ನೆಂಟರು ಬಂದಾಗ ಮತ್ತೊಮ್ಮೆ ಮುಚ್ಚಳ ತೆಗೆದಾಗಲೆಲ್ಲ ಆ ಗಾಳಿ ಹೊಸದಾಗುತ್ತದೆ. ಬಿಗಿ ಮುಚ್ಚಳವು ಹೊಸ ಗಾಳಿಯನ್ನು ತಡೆದೀತು. ಒಳಗೆ ಸೇರಿಕೊಂಡದ್ದನ್ನು ಹೊರಗೆ ಹಾಕಲಾರದು. ಆದುದರಿಂದ ಡಬ್ಬಿ ಚಿಕ್ಕದಿರಬೇಕು, ತುಂಬಿರಬೇಕು, ಒಲೆಯಿಂದ ದೂರವಿರಬೇಕು. ಗಾಜಿನ ಭರಣಿಯಾದರೆ ಬೆಳಕು ಬೀಳದ ಕಪಾಟಿನಲ್ಲಿಡಬೇಕು.

ಇನ್ನು ಫ್ರೀಜರಿನ ವಿಷಯ. ಕೆಲವರು ಅದನ್ನು ಸಂಜೀವಿನಿಯೆಂದು ನಂಬಿದ್ದಾರೆ. ಅದರಿಂದಲೇ ಕಾಫಿ ಕೆಡುವುದೆಂದು ಸಾಧಿಸುವವರೂ ಉಂಟು. ಇಬ್ಬರೂ ತಮ್ಮ ತಮ್ಮ ಅನುಭವದ ಮಟ್ಟಿಗೆ ನಿಜವನ್ನೇ ಹೇಳುತ್ತಿದ್ದಾರೆ. ಶೈತ್ಯ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆಗಳು ನಿಧಾನವಾಗುವುವು. ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರುವ ಫ್ರೀಜರಿನಲ್ಲಿ ಹಳಸುವಿಕೆ ನಿಲ್ಲದಿದ್ದರೂ ಬಹಳ ಕುಗ್ಗುತ್ತದೆ. ಕೆಡುಕು ಸಂಭವಿಸುವುದು ಪುಡಿ ಒಳಗಿರುವಾಗಲ್ಲ, ಅದನ್ನು ಹೊರತೆಗೆದಾಗ. ಐಸ್ ಹಾಕಿದ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ತಣ್ಣಗಿರುವ ಡಬ್ಬಿಯ ಮುಚ್ಚಳವನ್ನು ಕೂಡಲೇ ತೆರೆದರೆ ಅದೇ ಬೆವರು ಪುಡಿಯ ಕಣಕಣದ ಮೇಲೂ ಕೂಡುತ್ತದೆ. ಒಂದೇ ಡಬ್ಬಿಯನ್ನು ದಿನಕ್ಕೆರಡು ಬಾರಿ ತೆಗೆದು, ತೆರೆದು, ಮತ್ತೆ ಒಳಗಿಡುವವರು ದಿನಕ್ಕೆರಡು ಬಾರಿ ಪುಡಿಗೆ ನೀರು ಚಿಮುಕಿಸಿದಂತೆಯೇ ಸರಿ.

ಒಂದು ಉದಾಹರಣೆಯನ್ನು ನೋಡಬಹುದು. ನಾಲ್ವರಿರುವ ಮನೆಯೊಂದರಲ್ಲಿ ದಿನಕ್ಕೆ 40 ಗ್ರಾಂ ಪುಡಿ ಬೇಕು. ಊರಿನಿಂದ ತಂದದ್ದು 2 ಕಿಲೋ. ಐವತ್ತು ದಿನದ ದಾಸ್ತಾನು. ತಂದ ದಿನವೇ ಅದನ್ನು 250 ಗ್ರಾಮಿನ ಎಂಟು ಪಾಲು ಮಾಡಬೇಕು. ಪ್ರತಿ ಪಾಲನ್ನೂ ದಪ್ಪ ಚೀಲದಲ್ಲಿ ತುಂಬಿ, ಅಂಗೈಯಿಂದ ಒತ್ತಿ ಗಾಳಿ ಹೊರಡಿಸಿ, ಬಾಯಿ ಬಿಗಿದು, ಅದರ ಮೇಲೆ ಮತ್ತೊಂದು ಚೀಲ ಹಾಕಿ ತಾರೀಖು ಬರೆಯಬೇಕು. ಎರಡು ಪಾಲು ಹೊರಗಿರಲಿ. ಅವು ಹನ್ನೆರಡು ದಿನಕ್ಕೆ ಸಾಕು. ಉಳಿದ ಆರು ಫ್ರೀಜರಿಗೆ. ಎರಡನೆಯದು ಮುಗಿಯುವ ಹಿಂದಿನ ರಾತ್ರಿ ಒಂದು ಚೀಲವನ್ನು ಹೊರತೆಗೆದು, ಬಿಚ್ಚದೆ ಬೆಳಗಿನವರೆಗೂ ಹಾಗೆಯೇ ಇಡಬೇಕು. ಬೆವರು ಚೀಲದ ಹೊರಗೆ ಕೂತು ಅಲ್ಲೇ ಒಣಗುತ್ತದೆ. ಬೆಳಿಗ್ಗೆ ಒರೆಸಿ, ಬಿಚ್ಚಿ, ಚಿಕ್ಕ ಡಬ್ಬಿಗೆ ಸುರಿದರಾಯಿತು. ಒಮ್ಮೆ ಹೊರಬಂದದ್ದು ಮತ್ತೆ ಒಳಹೋಗಕೂಡದು. ಆರು ದಿನದಲ್ಲಿ ಮುಗಿಯುವ ಪುಡಿಗೆ ಅದರ ಅಗತ್ಯವೂ ಇಲ್ಲ.

ವಾರಕ್ಕೊಮ್ಮೆ ಮಾಟುಂಗದಂಥ ಕಡೆ ಹೊಸದಾಗಿ ಬೀಸಿಸಿ ತರುವ ಅನುಕೂಲವುಳ್ಳವರು ಈ ಶ್ರಮವನ್ನೆಲ್ಲ ಪಡಬೇಕಾದುದೇ ಇಲ್ಲ. ಒಂದೇ ಬಾಗಿಲಿನ ಹಳೆಯ ರೆಫ್ರಿಜರೇಟರುಗಳ ಐಸ್ ಪೆಟ್ಟಿಗೆ ಅಷ್ಟು ತಣ್ಣಗಿರುವುದೂ ಇಲ್ಲ, ಒಂದೇ ಸಮನಾಗಿರುವುದೂ ಇಲ್ಲ. ಅಲ್ಲಿ ಲಾಭ ಅಷ್ಟಕ್ಕಷ್ಟೆ. ಫ್ರೀಜರಿನ ಕೆಳಗಿನ ಖಾನೆಗಳಂತೂ ಕಾಫಿಗೆ ತಕ್ಕ ಸ್ಥಳವೇ ಅಲ್ಲ. ಅಲ್ಲಿ ಚಳಿ ಸಾಲದು, ಬೆವರು ತಪ್ಪದು. ಹುಳಿ ಸಾರು, ಹೆಚ್ಚಿಟ್ಟ ಈರುಳ್ಳಿಗಳ ವಾಸನೆಯನ್ನು ಕಾಫಿ ಪುಡಿಯಷ್ಟು ಬೇಗ ಹೀರಿಕೊಳ್ಳುವ ಪದಾರ್ಥ ಅಡಿಗೆಮನೆಯಲ್ಲಿ ಮತ್ತೊಂದಿಲ್ಲ. ಹಾಗೆಯೇ, ಈಗಾಗಲೇ ಹಳಸಿದ್ದನ್ನು ಯಾವ ಫ್ರೀಜರೂ ಹೊಸದು ಮಾಡಿಕೊಡಲಾರದು.

ಪುಡಿಯ ಸ್ಥಿತಿಯನ್ನು ಅರಿಯಲು ಸುಲಭದ ದಾರಿಯೊಂದಿದೆ. ಕುದಿದಿಳಿದ ನೀರನ್ನು ಸ್ವಲ್ಪವೇ ಫಿಲ್ಟರಿನ ಪುಡಿಯ ಮೇಲೆ ಹಾಕಿ ಅರ್ಧ ನಿಮಿಷ ನೋಡಬೇಕು. ಚಿಕೋರಿಯಿಲ್ಲದ ಹೊಸ ಪುಡಿಯಾದರೆ, ಉಳಿದಿರುವ ಅನಿಲ ಹೊರಡುತ್ತ ಮೇಲ್ಮೈ ಉಬ್ಬಿ ನೊರೆಗುಳ್ಳೆ ಕಟ್ಟುತ್ತದೆ. ಹಳೆಯದಾದರೆ ನೀರು ಸದ್ದಿಲ್ಲದೆ ಇಂಗಿ, ಪುಡಿ ಒದ್ದೆ ಮಣ್ಣಿನಂತೆ ಕುಳಿತುಬಿಡುತ್ತದೆ. ಮಿಶ್ರಣದ ಪುಡಿಯಲ್ಲಿ ಕಾಫಿಯ ಪಾಲು ಕಡಿಮೆಯಿರುವುದರಿಂದ ಉಬ್ಬುವುದೂ ಕಡಿಮೆ. ಅಲ್ಲಿ ಮೂಗನ್ನೇ ನಂಬಬೇಕು. ಹಾಲು ಸಕ್ಕರೆ ಸೇರಿಸುವ ಮುನ್ನ ಡಿಕಾಕ್ಷನ್ನಿನ ಮೇಲೆ ಬಗ್ಗಿ ಮೂಸಿದಾಗ ಹಳೆಯ ರಟ್ಟಿನ ಪೆಟ್ಟಿಗೆಯ ಅಥವಾ ಕಮಟು ಎಣ್ಣೆಯ ವಾಸನೆ ಬಂದರೆ, ಆ ಪುಡಿಗೆ ಇನ್ನೊಂದು ಚಮಚ ಸೇರಿಸಿ ಪ್ರಯೋಜನವಿಲ್ಲ.