ಕಪಿಗಳು ಹದಿನಾರೋ, ನಲವತ್ತೆಂಟೋ?

ಒಂದು ಕಪಿಸೇನೆ. ಅದರ ಎಂಟನೇ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ ಹನ್ನೆರಡು ಬೆಟ್ಟದ ಮೇಲೆ ಕಿರುಚುತ್ತಿವೆ. ಒಟ್ಟು ಎಷ್ಟು? ಭಾಸ್ಕರಾಚಾರ್ಯರು 1150ರ ಸುಮಾರಿಗೆ ಬರೆದ ‘ಬೀಜಗಣಿತ’ದಲ್ಲಿ ಈ ಲೆಕ್ಕವಿದೆ. ಕಪಿಗಳ ಸಂಖ್ಯೆಯನ್ನು x ಎಂದುಕೊಂಡು ಇಂದಿನ ರೀತಿಯಲ್ಲಿ ಬರೆದರೆ x²/64 + 12 = x, ಅಂದರೆ x² − 64x + 768 = 0.

ಇದನ್ನು ಬಿಡಿಸುವ ದಾರಿ ಭಾಸ್ಕರರಿಗಿಂತ ಬಹಳ ಹಳೆಯದು. 628ರಲ್ಲೇ ಬ್ರಹ್ಮಗುಪ್ತ ವರ್ಗಸಮೀಕರಣಕ್ಕೆ ಸೂತ್ರ ಕೊಟ್ಟಿದ್ದ. ಅದರಿಂದ ಬರುತ್ತಿದ್ದುದು ಒಂದೇ ಉತ್ತರ. ಎರಡನೆಯದು ಎಲ್ಲಿ ಜಾರಿಹೋಗುತ್ತದೆ ಎಂಬುದನ್ನು ಕಪಿಗಳ ಲೆಕ್ಕದಲ್ಲೇ ನೋಡಬಹುದು. 768ನ್ನು ಆಚೆ ಕಳಿಸಿ, ಎರಡೂ ಕಡೆಗೆ 32ರ ವರ್ಗವಾದ 1024ನ್ನು ಕೂಡಿಸಿ. ಎಡಗಡೆ (x − 32)² ಆಗುತ್ತದೆ, ಬಲಗಡೆ 256 ಉಳಿಯುತ್ತದೆ. ಈಗ ವರ್ಗಮೂಲ ತೆಗೆಯಬೇಕು. 256ರ ವರ್ಗಮೂಲ 16, ಹಾಗಾಗಿ x − 32 = 16, x = 48. ಹಾಕಿ ನೋಡಿದರೆ 48ರ ಎಂಟನೇ ಭಾಗ 6, ಅದರ ವರ್ಗ 36, ಜೊತೆಗೆ 12 ಸೇರಿ 48. ತಾಳೆ ಬಿತ್ತು. ಲೆಕ್ಕ ಮುಗಿಯಿತು ಎಂದು ಪುಸ್ತಕ ಮುಚ್ಚುವವರು ಸೋಲುವುದು ಇಲ್ಲೇ. ಸಿಕ್ಕ ಉತ್ತರ ಸರಿಯೇ ಎಂದಷ್ಟೇ ತಾಳೆ ಹೇಳುತ್ತದೆ. ಇನ್ನೊಂದು ಉಳಿದಿದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

(x − 32) ಎಂಬುದು −16 ಆದರೂ ಅದರ ವರ್ಗ ಅದೇ 256. ಆಗ x = 16. ಹದಿನಾರರ ಎಂಟನೇ ಭಾಗ 2, ವರ್ಗ 4, ಜೊತೆಗೆ 12 ಸೇರಿ 16. ಇದೂ ತಾಳೆ ಬೀಳುತ್ತದೆ!

ಈ ಎರಡನೇ ಮೂಲವನ್ನು ಕಂಡವರಲ್ಲಿ ನಮ್ಮ ಕಡೆಯವನೊಬ್ಬನಿದ್ದಾನೆ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ. ಕಪಿಗಳ ಲೆಕ್ಕದ ಅಚ್ಚಿನ ಸಮೀಕರಣಗಳಿಗೇ ಅವನ ನಿಯಮವೊಂದಿದೆ, ಅದರಲ್ಲಿ ವರ್ಗಮೂಲವನ್ನು ಕೂಡುವುದೂ ಉಂಟು, ಕಳೆಯುವುದೂ ಉಂಟು. ನಮ್ಮ ಅಂಕಿಗಳನ್ನು ಅದಕ್ಕೆ ಹೊಂದಿಸಿದರೆ 64ರಿಂದ 12ರ ನಾಲ್ಕರಷ್ಟನ್ನು ಕಳೆದು 16, ಅದನ್ನು 64ರಿಂದ ಗುಣಿಸಿ 1024, ಅದರ ವರ್ಗಮೂಲ 32. (64 + 32)/2 = 48, (64 − 32)/2 = 16. ಶಾಲೆಯಲ್ಲಿ ಕಲಿಯುವ ಸೂತ್ರದ ± ಚಿಹ್ನೆ ಮಾಡುವ ಕೆಲಸವೂ ಇದೇ.

ಎರಡು ಉತ್ತರ ಯಾವಾಗ ಹುಡುಕಬೇಕೆಂದು ಭಾಸ್ಕರರು ಒಂದು ಗುರುತು ಕೊಟ್ಟರು. ಬಲಗಡೆಯ ವರ್ಗಮೂಲವು ಎಡಗಡೆ ಕಳೆಯುತ್ತಿರುವ ಸಂಖ್ಯೆಗಿಂತ ಚಿಕ್ಕದಿದ್ದರೆ, ಅದನ್ನು ಧನವೆಂದೂ ಋಣವೆಂದೂ ಹಿಡಿದು ಎರಡು ಬಾರಿ ಬಿಡಿಸಿ ಎಂದರು. ಇಲ್ಲಿ 16 ಎಂಬುದು 32ಕ್ಕಿಂತ ಚಿಕ್ಕದು, ಹಾಗಾಗಿ ಎರಡೂ ಉತ್ತರ ಧನವೇ. ಆದರೆ ಕೆಲವೊಮ್ಮೆ ಮಾತ್ರ ಹೀಗೆ ಎಂದೂ ಸೇರಿಸಿದರು. ಆ ಎಚ್ಚರಿಕೆಗೆ ಕಾರಣ ಮುಂದೆ ಬರುತ್ತದೆ.

ಅಪವರ್ತನದ ದಾರಿ ಬೇರೆ ಊರಿನಿಂದ ಬಂತು. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ತೀರಿಕೊಂಡು ಹತ್ತು ವರ್ಷದ ಮೇಲೆ, 1631ರಲ್ಲಿ, ಅಚ್ಚಾದ ಅವನ ಪುಸ್ತಕದಲ್ಲಿ ಸಮೀಕರಣಗಳನ್ನು ಸಣ್ಣ ಅಪವರ್ತನಗಳ ಗುಣಲಬ್ಧವಾಗಿ ಕಟ್ಟಿ ತೋರಿಸಲಾಗಿತ್ತು. ಗುಣಿಸಿದರೆ 768, ಕೂಡಿದರೆ 64 ಆಗುವ ಎರಡು ಸಂಖ್ಯೆ ಬೇಕು. 24 ಮತ್ತು 32 ಗುಣಿಸಿದರೆ 768 ಬರುತ್ತದೆ, ಕೂಡಿದರೆ 56 ಮಾತ್ರ. 16 ಮತ್ತು 48 ಹೊಂದುತ್ತವೆ. ಹಾಗಾಗಿ (x − 16)(x − 48) = 0, ಎರಡರಲ್ಲಿ ಯಾವುದಾದರೂ ಒಂದು ಸೊನ್ನೆಯಾದರೆ ಸಾಕು. ಸೂತ್ರದಲ್ಲಿ ಒಂದು ಚಿಹ್ನೆ ಮರೆತರೆ ಮೂಲ ಕಳೆದುಹೋಗುತ್ತದೆ. ಇಲ್ಲಿ ಎರಡೂ ಆವರಣ ಕಣ್ಣೆದುರೇ ಇರುತ್ತವೆ. 48 ಮಾತ್ರ ಸಿಕ್ಕಿದ್ದವರೂ 768ನ್ನು 48ರಿಂದ ಭಾಗಿಸಿದರೆ 16 ಹೊರಬೀಳುತ್ತದೆ. 64ರಿಂದ 48 ಕಳೆದರೂ ಅದೇ.

ಭಾಸ್ಕರರ ಇನ್ನೊಂದು ಕಪಿಲೆಕ್ಕ ನನಗೆ ಇದಕ್ಕಿಂತ ಇಷ್ಟ. ಹಿಂಡಿನ ಐದನೇ ಭಾಗದಿಂದ ಮೂರು ಕಳೆದು ವರ್ಗ ಮಾಡಿದಷ್ಟು ಕಪಿಗಳು ಗುಹೆ ಹೊಕ್ಕವು, ಒಂದು ಮಾತ್ರ ಕೊಂಬೆಯ ಮೇಲೆ ಕಂಡಿತು. ಸಮೀಕರಣ x² − 55x + 250 = 0, ಅಪವರ್ತನ (x − 50)(x − 5). ಸೂತ್ರವೂ 50 ಮತ್ತು 5 ಎಂದೇ ಹೇಳುತ್ತದೆ. ಹಿಂಡು 50 ಆದರೆ ಐದನೇ ಭಾಗ 10, ಮೂರು ಕಳೆದು 7, ವರ್ಗ 49, ಕೊಂಬೆಯ ಮೇಲಿನ ಒಂದು ಸೇರಿ 50. ಹಿಂಡು 5 ಆದರೆ ಐದನೇ ಭಾಗ ಒಂದೇ ಕಪಿ, ಅದರಿಂದ ಮೂರು ಕಳೆಯಬೇಕು! −2ರ ವರ್ಗ 4, ಒಂದು ಸೇರಿ 5, ಸಮೀಕರಣಕ್ಕೇನೋ ಒಪ್ಪಿಗೆ. ಭಾಸ್ಕರರು ಒಪ್ಪಲಿಲ್ಲ. ಕಣ್ಣಿಗೆ ಕಾಣುವ ವಸ್ತುಗಳ ಎಣಿಕೆ ಋಣವಾಗುವುದನ್ನು ಜನ ನಂಬರು ಎಂದು 5ನ್ನು ಬಿಟ್ಟರು. ಅವರು ಅದನ್ನು ಮರೆತು ಬಿಟ್ಟದ್ದಲ್ಲ, ಕಂಡು ಬಿಟ್ಟದ್ದು.

ಲೆಕ್ಕದ ಮಾತನ್ನು ತಿರುಗಿಸಿ, ‘ಮೂರರಿಂದ ಐದನೇ ಭಾಗ ಕಳೆದು’ ಎಂದು ಓದಿದರೆ 5 ಒಳಗೆ ಬರುತ್ತದೆ, 50 ಹೊರಗೆ ಹೋಗುತ್ತದೆ. ಸಮೀಕರಣ ಮಾತ್ರ ಒಂದಕ್ಷರವೂ ಬದಲಾಗುವುದಿಲ್ಲ, ಏಕೆಂದರೆ ವರ್ಗ ಮಾಡಿದಾಗಲೇ ಚಿಹ್ನೆ ಅಳಿದುಹೋಗಿರುತ್ತದೆ. ಆದ್ದರಿಂದ ಎರಡನೇ ಮೂಲವನ್ನು ತಾಳೆ ನೋಡಬೇಕಾದದ್ದು x² − 55x + 250ರಲ್ಲಲ್ಲ, ಗುಹೆಯ ಬಾಗಿಲಲ್ಲಿ.