ಹೊಸಬರ ಪಿಪಿಟಿ ಶುಕ್ರವಾರದಿಂದ ಶುರುವಾಗಲಿ

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ತೋರಿಸುವ ಓರಿಯೆಂಟೇಶನ್ ಪಿಪಿಟಿ ಹೆಚ್ಚಿನ ಕಡೆ ಕಂಪನಿ ಹುಟ್ಟಿದ ವರ್ಷದಿಂದ ಆರಂಭವಾಗುತ್ತದೆ. ಸ್ಥಾಪಕರ ಫೋಟೊ, ಶಾಖೆಗಳ ನಕ್ಷೆ, ದೊಡ್ಡ ಗ್ರಾಹಕರ ಹೆಸರು ಎಲ್ಲ ಮುಗಿಯುವಾಗ ಊಟದ ಹೊತ್ತಾಗಿರುತ್ತದೆ. ಹೊಸಬರ ತಲೆಯಲ್ಲಿ ಓಡುತ್ತಿರುವುದು ಬೇರೆಯೇ: ನಾಳೆ ಬೆಳಿಗ್ಗೆ ಬಂದು ಏನು ಮಾಡಬೇಕು, ಗೊತ್ತಾಗದಿದ್ದರೆ ಯಾರನ್ನು ಕೇಳಬೇಕು? ಪಿಪಿಟಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಅದನ್ನು ಸಿದ್ಧಪಡಿಸುವವರು ವಾರದ ಕೊನೆಯಿಂದ ಹಿಂದಕ್ಕೆ ಬರಬೇಕು ಎಂಬುದು ನನ್ನ ನಂಬಿಕೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ, ಅರವತ್ತು ಜನರ ಒಂದು ಕಂಪನಿ. ಗ್ರಾಹಕರ ದೂರು ನೋಡಿಕೊಳ್ಳುವ ವಿಭಾಗಕ್ಕೆ ಸೋಮವಾರ ಒಬ್ಬಳು ಹುಡುಗಿ ಸೇರುತ್ತಾಳೆ. ಸ್ಲೈಡ್ ಬರೆಯುವ ಮುಂಚೆ ಅವಳ ಟೀಮ್ ಲೀಡರ್ ಹತ್ತಿರ ಕೇಳಬೇಕಾದ ಪ್ರಶ್ನೆ ಒಂದೇ: ಶುಕ್ರವಾರ ಸಂಜೆಯೊಳಗೆ ಅವಳು ತಾನೇ ಮಾಡಿ ಮುಗಿಸಬಹುದಾದ ನಿಜವಾದ ಕೆಲಸ ಯಾವುದು? ‘ಕೆಲಸ ಅರ್ಥಮಾಡಿಕೊಳ್ಳುವುದು’ ಎಂಬ ಉತ್ತರ ಸಾಲದು, ಅದು ಆಯಿತೋ ಇಲ್ಲವೋ ಎಂದು ಯಾರೂ ನೋಡಿ ಹೇಳಲಾರರು. ‘ಪಾಸ್‌ವರ್ಡ್ ಮರೆತ ಗ್ರಾಹಕರ ಒಂದು ದೂರಿಗೆ ಉತ್ತರ ಬರೆದು, ಟಿಕೆಟ್ ಮುಚ್ಚುವುದು’ ಎಂದರೆ ಸರಿಯಾದ ಉತ್ತರ.

ಈಗ ಹಿಂದಕ್ಕೆ ಬನ್ನಿ. ಶುಕ್ರವಾರ ತಾನೇ ಟಿಕೆಟ್ ಮುಚ್ಚಬೇಕಾದರೆ ಗುರುವಾರ ಎರಡು ಮೂರು ಉತ್ತರಗಳ ಕರಡು ಬರೆದು, ಪಕ್ಕದಲ್ಲಿ ಕೂರುವ ಹಳಬರಿಂದ ತಿದ್ದಿಸಿಕೊಂಡಿರಬೇಕು. ಅದಕ್ಕೆ ಬುಧವಾರ ಹಳೆಯ ಟಿಕೆಟ್‌ಗಳನ್ನು ಓದಿರಬೇಕು, ಅವರು ಫೋನಿನಲ್ಲಿ ಮಾತಾಡುವುದನ್ನು ಕೇಳಿರಬೇಕು. ಓದಿದ್ದು ಅರ್ಥವಾಗಬೇಕಾದರೆ ಮಂಗಳವಾರ ತಾನೇ ಅಂಗಡಿಯವಳಂತೆ ಆ ಸಾಫ್ಟ್‌ವೇರಿನಲ್ಲಿ ನಾಲ್ಕು ಬಿಲ್ ಹಾಕಿ, ಒಂದನ್ನು ರದ್ದು ಮಾಡಿ ನೋಡಿರಬೇಕು. ಸೋಮವಾರಕ್ಕೆ ಉಳಿಯುವುದು ಲ್ಯಾಪ್‌ಟಾಪ್, ಇಮೇಲ್, ಜನರ ಪರಿಚಯ, ಅಷ್ಟೆ. ಬ್ಯಾಂಕ್ ಖಾತೆ, ಪಿಎಫ್‌ನ ಯುಎಎನ್ ಸಂಖ್ಯೆ, ಹಿಂದಿನ ಕಂಪನಿಯ ಪತ್ರ ಮುಂತಾದವನ್ನು ಸೇರುವ ವಾರದ ಮೊದಲೇ ತರಿಸಿಕೊಂಡರೆ ಸೋಮವಾರ ಬೆಳಿಗ್ಗೆ ಜೆರಾಕ್ಸ್ ಹುಡುಕುವುದರಲ್ಲಿ ಕಳೆಯುವುದಿಲ್ಲ.

ಈ ಐದು ದಿನಗಳ ಪಟ್ಟಿಯೇ ಪಿಪಿಟಿಯ ಮೊದಲ ಸ್ಲೈಡ್ ಆಗಲಿ. ದಿನಕ್ಕೊಂದು ಸಾಲು, ಸಾಲಿನ ಕೊನೆಗೆ ಆ ದಿನ ಯಾರ ಜೊತೆ ಇರಬೇಕು ಎಂಬ ಹೆಸರು.

ಪಟ್ಟಿ ಸಿದ್ಧವಾದರೆ ಟೂಲ್‌ಗಳ ಭಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಹಳಷ್ಟು ಪಿಪಿಟಿಗಳು ಎಡವುವುದೂ ಇಲ್ಲಿಯೇ. ಕಂಪನಿ ಬಳಸುವ ಹನ್ನೆರಡು ಟೂಲ್‌ಗಳ ಚಿಹ್ನೆಗಳನ್ನು ಒಂದೇ ಪುಟದಲ್ಲಿ ತುಂಬಿ ‘ಇವೆಲ್ಲ ನಮ್ಮಲ್ಲಿವೆ’ ಎಂದು ತೋರಿಸುತ್ತಾರೆ. ನಮ್ಮ ಹುಡುಗಿಗೆ ಮೊದಲ ವಾರ ಬೇಕಾಗಿರುವುದು ನಾಲ್ಕೇ: ಇಮೇಲ್, ಒಳಗಿನ ಚಾಟ್, ಟಿಕೆಟ್ ವ್ಯವಸ್ಥೆ, ಅಭ್ಯಾಸಕ್ಕೆಂದು ಕೊಟ್ಟ ಬಿಲ್ಲಿಂಗ್ ಖಾತೆ. ಒಂದೊಂದಕ್ಕೂ ಒಂದು ಸ್ಲೈಡ್ ಕೊಡಿ. ಇದು ಯಾವುದಕ್ಕೆ, ಯಾವುದಕ್ಕೆ ಅಲ್ಲ, ಎಲ್ಲಿ ತೆರೆಯಬೇಕು, ತೆರೆಯದಿದ್ದರೆ ಯಾರಿಗೆ ಹೇಳಬೇಕು ಎಂಬಷ್ಟು ಸಾಕು. ‘ಯಾವುದಕ್ಕೆ ಅಲ್ಲ’ ಎಂಬ ಸಾಲನ್ನು ದಯವಿಟ್ಟು ಬಿಡಬೇಡಿ. ಗ್ರಾಹಕರ ಫೋನ್ ನಂಬರನ್ನು ಚಾಟ್‌ನಲ್ಲಿ ಹಾಕಬಾರದು ಎಂದು ಹೊಸಬರಿಗೆ ಯಾರೂ ಹೇಳಿರುವುದಿಲ್ಲ, ತಪ್ಪಾದ ಮೇಲೆ ಬೈಗುಳ ಮಾತ್ರ ಸಿಗುತ್ತದೆ. ಪಿಪಿಟಿ ಕೈಯಿಂದ ಕೈಗೆ ಹೋಗುವ ಕಡತವಾದ್ದರಿಂದ ಅದರಲ್ಲಿ ಪಾಸ್‌ವರ್ಡ್ ಬರೆಯುವುದು ಸಲ್ಲದು.

ಸ್ಲೈಡಿಗಿಂತ ಮುಖ್ಯವಾದದ್ದು ಹೊಸಬರು ನೋಡದ ಇನ್ನೊಂದು ಹಾಳೆ. ಯಾವ ಟೂಲ್, ಯಾವ ದಿನಕ್ಕೆ ಬೇಕು, ಅನುಮತಿ ಕೊಡುವವರು ಯಾರು, ಅವರಿಗೆ ಎಷ್ಟು ದಿನ ಮುಂಚೆ ಕೇಳಬೇಕು ಎಂದು ನಾಲ್ಕು ಕಾಲಂ ಎಳೆದು ಎಚ್‌ಆರ್‌ನವರು ತಮ್ಮಲ್ಲಿ ಇಟ್ಟುಕೊಳ್ಳಬೇಕು. ಟಿಕೆಟ್ ವ್ಯವಸ್ಥೆಯಲ್ಲಿ ಬುಧವಾರಕ್ಕೆ ಓದುವ ಅನುಮತಿ ಸಾಕು, ಗುರುವಾರಕ್ಕೆ ಬರೆಯುವ ಅನುಮತಿಯೂ ಬೇಕು. ಐಟಿ ವಿಭಾಗ ಅದಕ್ಕೆ ಮೂರು ದಿನ ತೆಗೆದುಕೊಳ್ಳುತ್ತದೆ ಎಂದಾದರೆ, ಸೋಮವಾರ ಕೇಳಿದವರಿಗೆ ಅದು ಗುರುವಾರವೇ ಸಿಕ್ಕೀತು, ಬುಧವಾರದ ಕೆಲಸ ತಪ್ಪಿತು. ಹಿಂದಿನ ವಾರದ ಬುಧವಾರವೇ ಅರ್ಜಿ ಹೋಗಿದ್ದರೆ ಸೋಮವಾರ ಅವಳ ಲಾಗಿನ್ ತೆರೆಯುತ್ತದೆ. ಮೊದಲ ವಾರ ಕೆಟ್ಟಿರುವ ಕಡೆಗಳಲ್ಲಿ ವಿಚಾರಿಸಿದರೆ ಬಹುಪಾಲು ಕಾರಣ ಈ ಅನುಮತಿಯ ವಿಳಂಬವೇ ಆಗಿರುತ್ತದೆ. ಅದನ್ನು ಎಷ್ಟು ಚೆಂದದ ಸ್ಲೈಡೂ ಸರಿಪಡಿಸಲಾರದು.

ಇನ್ನು ಕಂಪನಿಯ ಸಂಸ್ಕೃತಿ. ಅಮೆರಿಕದ ನೆಟ್‌ಫ್ಲಿಕ್ಸ್ ಕಂಪನಿ 2009ರಲ್ಲಿ ತನ್ನ ಸಂಸ್ಕೃತಿಯ ಬಗ್ಗೆ ನೂರಕ್ಕೂ ಹೆಚ್ಚು ಸ್ಲೈಡ್‌ಗಳ ಕಡತವೊಂದನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿತು. ಅಲಂಕಾರವೇ ಇಲ್ಲದ ಆ ಸ್ಲೈಡ್‌ಗಳು ಆರಂಭದಲ್ಲೇ ಎನ್‌ರಾನ್ ಕಂಪನಿಯನ್ನು ನೆನಪಿಸುತ್ತವೆ. ಪ್ರಾಮಾಣಿಕತೆ, ಗೌರವ ಎಂಬ ಮಾತುಗಳನ್ನು ತನ್ನ ಮೌಲ್ಯಗಳೆಂದು ಸಾರಿಕೊಂಡಿದ್ದ ಎನ್‌ರಾನ್ 2001ರಲ್ಲಿ ಲೆಕ್ಕಪತ್ರದ ವಂಚನೆಯಿಂದ ದಿವಾಳಿಯಾಯಿತು. ಒಂದು ಕಂಪನಿಯ ನಿಜವಾದ ಮೌಲ್ಯ ಅಲ್ಲಿ ಯಾರಿಗೆ ಬಡ್ತಿ ಸಿಗುತ್ತದೆ, ಯಾರನ್ನು ಮನೆಗೆ ಕಳಿಸುತ್ತಾರೆ ಎಂಬುದರಲ್ಲಿ ಕಾಣುತ್ತದೆ ಎಂಬುದು ನೆಟ್‌ಫ್ಲಿಕ್ಸಿನ ವಾದ. ಅವರ ಕಟುವಾದ ನೀತಿಗಳೆಲ್ಲ ನನಗೆ ಒಪ್ಪಿಗೆಯಿಲ್ಲ, ಈ ವಾದ ಮಾತ್ರ ಒಪ್ಪಿಗೆ.

ನಮ್ಮ ಮೈಸೂರಿನ ಕಂಪನಿಗೆ ಇದನ್ನು ಹಚ್ಚಿ ನೋಡೋಣ. ‘ನಾವು ಪಾರದರ್ಶಕರು’ ಎಂದು ಬರೆದ ಸ್ಲೈಡನ್ನು ತೆಗೆದು, ‘ಗ್ರಾಹಕರಿಗೆ ತಪ್ಪು ಉತ್ತರ ಹೋಯಿತೆಂದು ಗೊತ್ತಾದ ಕೂಡಲೇ ಟೀಮ್ ಲೀಡರ್‌ಗೆ ಹೇಳಿ, ಆಮೇಲೆ ಇಬ್ಬರೂ ಸೇರಿ ಗ್ರಾಹಕರಿಗೆ ಫೋನ್ ಮಾಡಿ’ ಎಂದು ಬರೆಯಿರಿ. ‘ಪರಸ್ಪರ ಗೌರವ’ ಎಂಬುದರ ಜಾಗದಲ್ಲಿ ಮ್ಯಾನೇಜರನ್ನು ‘ಸರ್’, ‘ಮೇಡಂ’ ಎನ್ನಬೇಕೋ ಹೆಸರು ಹಿಡಿದು ಕರೆಯಬಹುದೋ, ಮೀಟಿಂಗ್‌ನಲ್ಲಿ ಕನ್ನಡ ಬಾರದವರು ಒಬ್ಬರಿದ್ದರೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಸಂಜೆ ಏಳರ ಮೇಲೆ ಬಂದ ಮೆಸೇಜಿಗೆ ಅಂದೇ ಉತ್ತರಿಸಬೇಕೇ ಎಂಬುದನ್ನು ಹೇಳಿ. ಸಣ್ಣ ಊರಿನಿಂದ ಮೊದಲ ಕೆಲಸಕ್ಕೆ ಬಂದವರು ಇವನ್ನು ಕೇಳಲು ಸಂಕೋಚಪಡುತ್ತಾರೆ, ಅವರಿವರನ್ನು ನೋಡಿ ಊಹಿಸಿಕೊಳ್ಳುತ್ತಾರೆ. ಒಂದು ಎಚ್ಚರ: ನಡೆಯುತ್ತಿರುವುದನ್ನೇ ಬರೆಯಬೇಕು. ರಾತ್ರಿ ಮೆಸೇಜಿಗೆ ಉತ್ತರ ಬೇಡ ಎಂದು ಸ್ಲೈಡಿನಲ್ಲಿ ಹೇಳಿ, ಮಂಗಳವಾರ ರಾತ್ರಿ ಒಂಬತ್ತಕ್ಕೆ ‘ನೋಡಿದಿರಾ?’ ಎಂದು ಕೇಳಿದರೆ ಉಳಿದ ಸ್ಲೈಡ್‌ಗಳನ್ನೂ ಅವಳು ನಂಬುವುದಿಲ್ಲ.

ಸಂಸ್ಕೃತಿಯ ಭಾಗದಲ್ಲೇ ಸೇರಬೇಕಾದ, ಕಾನೂನಿನ ಬಲವಿರುವ ಒಂದು ಸ್ಲೈಡ್ ಇದೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಆ ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರ್, ದೂರು ಕೊಡುವ ಬಗೆ ಮೊದಲ ದಿನವೇ ಅವಳ ಕೈಯಲ್ಲಿರಲಿ.

ಇಷ್ಟನ್ನೂ ಸೇರಿಸಿದರೆ ಹದಿನೆಂಟು ಇಪ್ಪತ್ತು ಸ್ಲೈಡ್ ಆಗಬಹುದು. ಸೋಮವಾರವೇ ಎಲ್ಲವನ್ನೂ ತೋರಿಸುವ ಅಗತ್ಯವಿಲ್ಲ. ವಾರದ ಪಟ್ಟಿ, ಇಮೇಲ್ ಮತ್ತು ಚಾಟ್, ಸಮಿತಿಯ ಸ್ಲೈಡ್ ಇವಿಷ್ಟಕ್ಕೆ ಮುಕ್ಕಾಲು ಗಂಟೆ ಸಾಕು. ಟಿಕೆಟ್ ವ್ಯವಸ್ಥೆಯ ಸ್ಲೈಡನ್ನು ಬುಧವಾರ ಬೆಳಿಗ್ಗೆ ತೆರೆದರೆ ಅದರ ಮುಂದೆಯೇ ಕೆಲಸ ಕಾದಿರುತ್ತದೆ. ಇದು ಮುಂದೆ ಅವಳು ಒಬ್ಬಳೇ ಓದಿಕೊಳ್ಳುವ ಕಡತವೂ ಆದ್ದರಿಂದ ಬಿಡಿ ಬಿಡಿ ಪದಗಳ ಬದಲು ಪೂರ್ತಿ ವಾಕ್ಯಗಳಿರಲಿ.

ಪಿಪಿಟಿ ಕೆಲಸ ಮಾಡಿತೇ ಎಂದು ತಿಳಿಯಲು, ಪಕ್ಕದ ಹಳಬರಿಗೆ ಆ ವಾರ ಅವಳು ಕೇಳಿದ ಪ್ರಶ್ನೆಗಳನ್ನೆಲ್ಲ ಗುರುತು ಹಾಕಿಕೊಳ್ಳಲು ಹೇಳಿ. ಸ್ಲೈಡಿನಲ್ಲಿ ಉತ್ತರವಿದ್ದೂ ಕೇಳಿದ್ದರೆ ಆ ಸ್ಲೈಡಿನ ಬರಹ ಅಸ್ಪಷ್ಟ, ಇಲ್ಲದ್ದನ್ನು ಕೇಳಿದ್ದರೆ ಹೊಸ ಸಾಲು ಸೇರಬೇಕು. ಶುಕ್ರವಾರ ಟಿಕೆಟ್ ಮುಚ್ಚದಿದ್ದರೆ ಯಾವ ದಿನ, ಏನಿಲ್ಲದೆ ನಿಂತಿತು ಎಂದು ಪಟ್ಟಿಯಲ್ಲಿ ಬೆರಳಿಟ್ಟು ನೋಡಿ. ತಿದ್ದುವ ಕೆಲಸವನ್ನು ಮೂರು ತಿಂಗಳ ಹಿಂದೆ ಸೇರಿದವರಿಗೆ ವಹಿಸುವುದು ಒಳ್ಳೆಯದು, ಅವರಿಗೆ ತಮ್ಮ ಮೊದಲ ವಾರದ ಗೊಂದಲ ಇನ್ನೂ ನೆನಪಿರುತ್ತದೆ. ಮುಂದಿನ ಸಲ ಲೆಕ್ಕಪತ್ರ ವಿಭಾಗಕ್ಕೆ ಯಾರಾದರೂ ಬಂದರೆ ಸಂಸ್ಕೃತಿ, ಇಮೇಲ್, ಚಾಟ್, ಸಮಿತಿಯ ಸ್ಲೈಡ್‌ಗಳು ಹಾಗೇ ಉಳಿಯುತ್ತವೆ. ವಾರದ ಪಟ್ಟಿ ಮತ್ತು ಎರಡು ಟೂಲ್‌ಗಳ ಸ್ಲೈಡ್ ಮಾತ್ರ ಬದಲಾಗುತ್ತವೆ, ಅದಕ್ಕೂ ಮೊದಲು ಆ ವಿಭಾಗದ ಮುಖ್ಯಸ್ಥರ ಹತ್ತಿರ ಶುಕ್ರವಾರದ ಪ್ರಶ್ನೆ ಕೇಳಬೇಕಾಗುತ್ತದೆ.